ಹೊಗಳಿಕೆ ತೆಗೆದ ಮೇಲೆ ಉಳಿಯುವ ಘಾರಾಪುರಿ

ಪ್ರಶ್ನೆ: ಡೊಂಬಿವಲಿಯಲ್ಲಿರುವ ನಾನು ಬಿಡುವಿನಲ್ಲಿ ಪ್ರವಾಸ ಲೇಖನ ಬರೆಯುತ್ತೇನೆ. ಚಳಿಗಾಲದಲ್ಲಿ ಧಾರವಾಡದಿಂದ ಬಂದಿದ್ದ ಸೋದರತ್ತೆಯನ್ನು ಘಾರಾಪುರಿ ದ್ವೀಪದ ಎಲಿಫೆಂಟಾ ಗುಹೆಗಳಿಗೆ ಕರೆದುಕೊಂಡು ಹೋಗಿದ್ದೆ. ಅದರ ಬಗ್ಗೆ ಬರೆದ ಪ್ಯಾರಾ ಓದಿದ ಅಣ್ಣ, "ಬರೀ ಹೊಗಳಿಕೆ, ಜಾಗ ಕಾಣುವುದೇ ಇಲ್ಲ" ಎಂದ. ಹೊಗಳಿಕೆಯ ಪದಗಳನ್ನೆಲ್ಲ ತೆಗೆದು ನೋಡಿದೆ. ಉಳಿದದ್ದು ರೈಲಿನ ವೇಳಾಪಟ್ಟಿಯಂತೆ ಕಂಡಿತು. ಜೀವ ಉಳಿಸಿಕೊಂಡು ತಿದ್ದುವುದು ಹೇಗೆ? ಪ್ಯಾರಾ ಮತ್ತು ಅಲ್ಲಿ ಮೊಬೈಲಿನಲ್ಲಿ ಗುರುತು ಹಾಕಿಕೊಂಡ ಟಿಪ್ಪಣಿ ಎರಡನ್ನೂ ಕಳಿಸಿದ್ದೇನೆ.

ಪ್ಯಾರಾ: "ಗೇಟ್‌ವೇಯಿಂದ ಒಂದು ಗಂಟೆಯ ಮನಮೋಹಕ ದೋಣಿ ಪಯಣ. ಬಿಳಿ ಹಕ್ಕಿಗಳ ರಮಣೀಯ ಹಾರಾಟ ಕಣ್ಮನ ಸೆಳೆಯುತ್ತದೆ. ನೀಲಿ ಟಾರ್ಪಾಲಿನ ನೆರಳಿನಲ್ಲಿ ಸಾಲು ಅಂಗಡಿಗಳಿಂದ ಕಂಗೊಳಿಸುವ ಮೆಟ್ಟಿಲುಗಳನ್ನು ಏರಿದರೆ ಸ್ವರ್ಗವೇ ಧರೆಗಿಳಿದಂತೆ ಭಾಸವಾಗುತ್ತದೆ. ಈ ಸ್ವರ್ಗದಲ್ಲಿ ನಮ್ಮನ್ನು ಸ್ವಾಗತಿಸುವುದು ಬಂಡೆಯಲ್ಲಿ ಕೊರೆದ ಅದ್ಭುತ ಗುಹಾಲಯ. ಒಳಗೆ ಕತ್ತಲೆ. ಸುಮಾರು 20 ಅಡಿ ಎತ್ತರದ ಭವ್ಯವಾದ, ವಿಸ್ಮಯಕಾರಿ ತ್ರಿಮೂರ್ತಿ ಮೈಮನ ಪುಳಕಗೊಳಿಸುತ್ತದೆ. ಶಿಲ್ಪಿಯ ಕೈಚಳಕವನ್ನು ವರ್ಣಿಸಲು ಪದಗಳೇ ಸಾಲದು. ಕೈಕಾಲು ಮುರಿದಿದ್ದರೂ ಇಲ್ಲಿನ ಶಿಲ್ಪಗಳ ಸೌಂದರ್ಯಕ್ಕೆ ಸರಿಸಾಟಿಯಿಲ್ಲ. ಜೀವನದಲ್ಲಿ ಒಮ್ಮೆಯಾದರೂ ನೋಡಲೇಬೇಕಾದ ತಾಣ."

ಟಿಪ್ಪಣಿ: "ಹಕ್ಕಿಗಳು ಬೋಟಿನ ಹಿಂದೆ, ಜನ ಕುರುಕಲು ಎಸೆಯುತ್ತಿದ್ದರು. ದೂರದಲ್ಲಿ ಬಂದರಿನ ಕ್ರೇನುಗಳು. ಅತ್ತೆ ಮೆಟ್ಟಿಲಲ್ಲಿ ಎರಡು ಸಲ ಕುಳಿತರು, ಒಮ್ಮೆ ಟೋಪಿ ಅಂಗಡಿಯ ಮುಂದೆ. ಕೋತಿ ಹುಡುಗನ ಕೈಯಿಂದ ಜೋಳದ ತೆನೆ ಕಿತ್ತುಕೊಂಡಿತು. ನಟರಾಜನಿಗೆ ಕಾಲಿಲ್ಲ. ಮೂರು ಮುಖ: ಎಡಗಡೆಯದು ಸಿಟ್ಟು, ಕೈಯಲ್ಲಿ ಹಾವು. ಬಲಗಡೆಯದು ಹೂ ಹಿಡಿದಿದೆ. ಅತ್ತೆ: ನಡುವಿನವನು ನಮ್ಮನ್ನು ನೋಡುತ್ತಿಲ್ಲ."

ಉತ್ತರ: ನಿಮ್ಮ ಟಿಪ್ಪಣಿ ನಿಮ್ಮ ಪ್ಯಾರಾಕ್ಕಿಂತ ಎಷ್ಟೋ ಚೆನ್ನಾಗಿದೆ. ಅದರಲ್ಲಿರುವ ಹೆಚ್ಚಿನ ಸಂಗತಿಗಳು ಪ್ಯಾರಾದೊಳಗೆ ಬಂದೇ ಇಲ್ಲ. ಹಕ್ಕಿಗಳು ಬಂದಿವೆ, ಅವು ಏನು ಮಾಡುತ್ತಿದ್ದವು ಎಂಬುದು ಬಂದಿಲ್ಲ. ಶಿಲ್ಪ ಬಂದಿದೆ, ಹಾವು ಹೂಗಳು ಬಂದಿಲ್ಲ. ಅತ್ತೆಯವರಂತೂ ಪೂರ್ತಿ ಕಾಣೆಯಾಗಿದ್ದಾರೆ. ನೀವು ಕಂಡದ್ದು ಬರಬೇಕಾದ ಕಡೆಯಲ್ಲೆಲ್ಲ ಒಂದೊಂದು ಹೊಗಳಿಕೆಯ ಪದವನ್ನು ಇಟ್ಟಿದ್ದೀರಿ. ಆ ಪದವನ್ನು ತೆಗೆದಾಗ ಅಲ್ಲಿ ಖಾಲಿ ಜಾಗ ಉಳಿಯಿತು. ಹೀಗಾಗಿ ತಿದ್ದುವ ಕೆಲಸದ ಅರ್ಧ ಭಾಗವಷ್ಟೇ ಅಳಿಸುವುದು. ಇನ್ನರ್ಧ, ಟಿಪ್ಪಣಿಯಿಂದ ತಂದು ತುಂಬುವುದು.

ಮುಂಬಯಿಯ ಕನ್ನಡ ಓದುಗರಿಗಾಗಿ ಬರುವ ಪ್ರವಾಸ ಲೇಖನಗಳನ್ನು ತಿದ್ದುವುದು ನನ್ನ ದಿನನಿತ್ಯದ ಕೆಲಸ. ನಾನು ಮೊದಲು ಮಾಡುವುದು ಪ್ಯಾರಾದ ಬಣ್ಣದ ಪದಗಳನ್ನೆಲ್ಲ ಮೂರು ಬಗೆಯಾಗಿ ಬೇರ್ಪಡಿಸುವುದು. ಒಂದನೆಯ ಬಗೆಯವು ಯಾವ ಊರಿಗೂ ಸಲ್ಲುವಂಥವು. ಪರೀಕ್ಷೆ ಸುಲಭ. ಘಾರಾಪುರಿಯ ಜಾಗದಲ್ಲಿ ಜೋಗವನ್ನೋ ಊಟಿಯನ್ನೋ ಇಟ್ಟು ಓದಿ. "ಮನಮೋಹಕ ಪಯಣ", "ರಮಣೀಯ", "ಒಮ್ಮೆಯಾದರೂ ನೋಡಲೇಬೇಕಾದ ತಾಣ", ಇವು ಅಲ್ಲಿಯೂ ಹಾಗೆಯೇ ಹೊಂದಿಕೊಳ್ಳುತ್ತವೆ. ಇವನ್ನು ಮರುಮಾತಿಲ್ಲದೆ ಅಳಿಸಬಹುದು, ಬದಲಿಗೆ ಏನನ್ನೂ ಇಡಬೇಕಾಗಿಲ್ಲ. ಎರಡನೆಯ ಬಗೆಯವು ತಮ್ಮ ಕೆಳಗೆ ಏನನ್ನೋ ಮುಚ್ಚಿಟ್ಟುಕೊಂಡಿರುವಂಥವು. ನಿಮ್ಮಲ್ಲಿ "ಅದ್ಭುತ", "ಭವ್ಯ", "ಪುಳಕ", "ಸರಿಸಾಟಿಯಿಲ್ಲ" ಎಂಬ ನಾಲ್ಕು ಅಂಥವು. ಇವನ್ನು ಬರೆಯುವಾಗ ನೀವು ಏನನ್ನೋ ನಿಜವಾಗಿ ಕಂಡಿದ್ದೀರಿ. ಅದು ಏನೆಂದು ನೆನಪಿಸಿಕೊಂಡು ಬರೆದ ಮೇಲೆಯೇ ಆ ಪದವನ್ನು ಅಳಿಸಬೇಕು. ಮೂರನೆಯ ಬಗೆಯವು ಹೊಗಳಿಕೆಯೇ ಅಲ್ಲ: ನೀಲಿ, ಬಿಳಿ, ಕತ್ತಲೆ, 20 ಅಡಿ. ಇವು ಮಾಹಿತಿ. ಹೊಗಳಿಕೆಗೆ ಕತ್ತರಿ ಹಾಕುವ ಉತ್ಸಾಹದಲ್ಲಿ ಅನೇಕರು ಇವನ್ನೂ ಕತ್ತರಿಸಿಬಿಡುತ್ತಾರೆ, ವಿಶೇಷಣ ಎಂದರೆ ದೋಷ ಎಂದುಕೊಂಡು. "ನೀಲಿ ಟಾರ್ಪಾಲಿನ ನೆರಳು" ಎಂಬುದು ನಿಮ್ಮ ಪ್ಯಾರಾದ ಅತ್ಯುತ್ತಮ ತುಣುಕು. ಆ ಮೆಟ್ಟಿಲುಗಳನ್ನು ಹತ್ತಿದವರಿಗೆಲ್ಲ ಆ ನೀಲಿ ಬೆಳಕು ನೆನಪಿರುತ್ತದೆ. ಅದನ್ನು ಮುಟ್ಟಬೇಡಿ.

ಇಷ್ಟು ಮಾಡಿದರೂ ವಾಕ್ಯಗಳು ಕುಸಿಯುತ್ತವೆ, ಏಕೆಂದರೆ ಕನ್ನಡದಲ್ಲಿ ಹೊಗಳಿಕೆ ವಿಶೇಷಣದಲ್ಲಿ ಮಾತ್ರ ಇರುವುದಿಲ್ಲ. ಅದು ವಾಕ್ಯದ ಕೊನೆಗೆ ಬಂದು ಕ್ರಿಯಾಪದವಾಗಿ ನಿಲ್ಲುತ್ತದೆ. ಕಣ್ಮನ ಸೆಳೆಯುತ್ತದೆ, ಕಂಗೊಳಿಸುತ್ತದೆ, ಮುದ ನೀಡುತ್ತದೆ, ಕೈಬೀಸಿ ಕರೆಯುತ್ತದೆ, ಪುಳಕಗೊಳಿಸುತ್ತದೆ: ಪ್ರವಾಸ ಬರಹದ ಅರ್ಧ ವಾಕ್ಯಗಳು ಹೀಗೆಯೇ ಮುಗಿಯುತ್ತವೆ. ವಿಶೇಷಣವನ್ನು ತೆಗೆದರೆ ವಾಕ್ಯ ನಿಲ್ಲುತ್ತದೆ, ಕ್ರಿಯಾಪದವನ್ನು ತೆಗೆದರೆ ನಿಲ್ಲುವುದಿಲ್ಲ. "ಬಿಳಿ ಹಕ್ಕಿಗಳ ರಮಣೀಯ ಹಾರಾಟ ಕಣ್ಮನ ಸೆಳೆಯುತ್ತದೆ" ಎಂಬುದರಿಂದ "ರಮಣೀಯ"ವನ್ನು ತೆಗೆದರೆ ಏನೂ ಆಗದು. "ಕಣ್ಮನ ಸೆಳೆಯುತ್ತದೆ" ಎಂಬುದನ್ನೂ ತೆಗೆದರೆ ಉಳಿಯುವುದು "ಬಿಳಿ ಹಕ್ಕಿಗಳ ಹಾರಾಟ". ಅದು ಶೀರ್ಷಿಕೆ, ವಾಕ್ಯವಲ್ಲ. ನೀವು ತೆಗೆದು ನೋಡಿದಾಗ ಇಂಥ ಅರೆವಾಕ್ಯಗಳೇ ಸಾಲಾಗಿ ಉಳಿದಿರಬೇಕು.

ಆ ವಾಕ್ಯವನ್ನು ಗಮನಿಸಿ. ಕರ್ತೃವಿನ ಜಾಗದಲ್ಲಿ "ಹಾರಾಟ" ಕುಳಿತಿದೆ. ಹಕ್ಕಿಗಳು ಮಾಡಬೇಕಾದ ಕೆಲಸ ನಾಮಪದವಾಗಿ ಹೆಪ್ಪುಗಟ್ಟಿದೆ, ಹಾಗಾಗಿ ಕ್ರಿಯಾಪದಕ್ಕೆ ಮಾಡಲು ಕೆಲಸವಿಲ್ಲದೆ ಹೊಗಳುತ್ತಿದೆ. ಹಕ್ಕಿಗಳನ್ನೇ ಕರ್ತೃವಾಗಿಸಿ, ಅವು ಏನು ಮಾಡಿದವು ಎಂದು ನಿಮ್ಮ ಟಿಪ್ಪಣಿಯನ್ನು ಕೇಳಿ. ಜನ ಕುರುಕಲು ಎಸೆಯುತ್ತಿದ್ದರು, ಅವು ಬೋಟಿನ ಹಿಂದೆ ಇದ್ದವು. ಹಾಗಾದರೆ ಅವು ಬೆನ್ನು ಹತ್ತಿದ್ದವು. ಎಸೆದದ್ದನ್ನು ಗಾಳಿಯಲ್ಲೇ ಹಿಡಿದವೇ, ನೀರಿಗೆ ಬಿದ್ದ ಮೇಲೆ ಎತ್ತಿಕೊಂಡವೇ? ಅದು ನಿಮಗೆ ಗೊತ್ತು, ನನಗೆ ಗೊತ್ತಿಲ್ಲ. ಹಿಡಿದಿದ್ದರೆ ಹಾಗೆಯೇ ಬರೆಯಿರಿ. "ಜನ ಎಸೆದ ಕುರುಕಲನ್ನು ಗಾಳಿಯಲ್ಲೇ ಹಿಡಿಯುತ್ತ ಬಿಳಿ ಹಕ್ಕಿಗಳು ದೋಣಿಯ ಬೆನ್ನು ಹತ್ತಿದ್ದವು." ಕಣ್ಣು ಸೆಳೆಯುವ ಕೆಲಸವನ್ನು ಈ ವಾಕ್ಯ ತಾನೇ ಮಾಡುತ್ತದೆ, ಸೆಳೆಯುತ್ತದೆ ಎಂದು ಹೇಳಬೇಕಾಗಿಲ್ಲ.

ಇಲ್ಲಿ ಇನ್ನೊಂದು ಬದಲಾವಣೆಯೂ ಆಯಿತು. "ಸೆಳೆಯುತ್ತದೆ" ಹೋಗಿ "ಹತ್ತಿದ್ದವು" ಬಂತು. ಹೊಗಳಿಕೆಯ ಕ್ರಿಯಾಪದಗಳು ಬಹುತೇಕ "ಉತ್ತದೆ" ಎಂದೇ ಮುಗಿಯುತ್ತವೆ. ಆ ರೂಪದಲ್ಲಿ ಎಲ್ಲವೂ ಯಾವಾಗಲೂ, ಎಲ್ಲರಿಗೂ ಆಗುತ್ತಿರುತ್ತದೆ. ನೀವು ಹೋದದ್ದು ಒಂದು ದಿನ, ಅತ್ತೆಯ ಜೊತೆ, ಒಂದು ದೋಣಿಯಲ್ಲಿ. ಕಂಡದ್ದನ್ನು ಭೂತಕಾಲದಲ್ಲಿ ಬರೆಯಲು ಹೊರಟರೆ ಹೊಗಳಿಕೆ ತಾನಾಗಿ ನಾಲಿಗೆಗೆ ತೊಡರುತ್ತದೆ. "ಹಾರಾಟ ಕಣ್ಮನ ಸೆಳೆಯಿತು" ಎಂದು ಬರೆದು ನೋಡಿ, ಆಮೇಲೆ ಏನಾಯಿತು ಎಂದು ಓದುಗರು ಕೇಳುತ್ತಾರೆ. ಪ್ಯಾರಾದಲ್ಲಿ ನನಗೆ ಸಂಶಯ ಬಂದ ವಾಕ್ಯವನ್ನೆಲ್ಲ ಮೊದಲು ಭೂತಕಾಲಕ್ಕೆ ತಿರುಗಿಸಿ ನೋಡುತ್ತೇನೆ. ತಿರುಗಿದರೆ ಅದರಲ್ಲಿ ಒಂದು ಘಟನೆ ಇದೆ, ತಿರುಗದಿದ್ದರೆ ಬಹುಶಃ ಬರಿಯ ಪ್ರಶಂಸೆ. ಎಲ್ಲರಿಗೂ ಅನ್ವಯಿಸುವ ಸಂಗತಿಗಳು ಮಾತ್ರ ವರ್ತಮಾನದಲ್ಲೇ ಇರಲಿ. ನಟರಾಜನಿಗೆ ಕಾಲುಗಳಿಲ್ಲ ಎಂಬುದು ಇಂದಿಗೂ ನಿಜ, ಅದನ್ನು "ಇರಲಿಲ್ಲ" ಎಂದು ಬರೆಯುವುದು ತಪ್ಪಾಗುತ್ತದೆ.

ಮೆಟ್ಟಿಲುಗಳ ವಾಕ್ಯಕ್ಕೆ ಬರೋಣ. ಅಂಗಡಿಗಳಿಂದ ಮೆಟ್ಟಿಲು ಕಂಗೊಳಿಸುತ್ತದೆ ಎಂದಿದ್ದೀರಿ, ಆಮೇಲೆ ಸ್ವರ್ಗ ಧರೆಗಿಳಿದಿದೆ. ಜೆಟ್ಟಿಯ ಕಡೆಯಿಂದ ಗುಹೆಗೆ ನೂರಕ್ಕೂ ಹೆಚ್ಚು ಮೆಟ್ಟಿಲುಗಳು. ಎರಡೂ ಬದಿ ಮಾರಾಟದ ಸಾಲು. ವಯಸ್ಸಾದವರಿಗೆ ಅದು ಏರು. ನಿಮ್ಮ ಅತ್ತೆ ಎರಡು ಸಲ ಕುಳಿತರು ಎಂಬ ಒಂದೇ ಸಂಗತಿ ಮೆಟ್ಟಿಲಿನ ಎತ್ತರ, ಬಿಸಿಲು, ಅತ್ತೆಯ ವಯಸ್ಸು, ನಿಮ್ಮಿಬ್ಬರ ನಡಿಗೆಯ ವೇಗ ಎಲ್ಲವನ್ನೂ ಹೇಳುತ್ತದೆ. ಟೋಪಿ ಅಂಗಡಿಯ ಮುಂದೆ ಕುಳಿತರು ಎಂದರೆ ಇನ್ನೂ ಚೆನ್ನ, ಓದುಗರಿಗೆ ಅವರು ಕುಳಿತ ಮೆಟ್ಟಿಲೇ ಕಾಣುತ್ತದೆ. ಪ್ರವಾಸಕ್ಕೆ ಹೋಗುವವರಿಗೆ ಇದರಿಂದ ಉಪಯೋಗವೂ ಇದೆ. ಮನೆಯ ಹಿರಿಯರನ್ನು ಕರೆದೊಯ್ಯಬಹುದೇ ಎಂದು ಯೋಚಿಸುವವರಿಗೆ ಸ್ವರ್ಗದಿಂದ ಸಿಗುವ ಉತ್ತರ ಏನೂ ಇಲ್ಲ.

ಸ್ವರ್ಗವನ್ನು ಅಳಿಸುವಾಗ ಒಂದು ಎಚ್ಚರ. ಮುಂದಿನ ವಾಕ್ಯ "ಈ ಸ್ವರ್ಗದಲ್ಲಿ" ಎಂದು ಶುರುವಾಗುತ್ತದೆ. ಅಳಿಸಿದ ಹೊಗಳಿಕೆಗೆ ಗಂಟುಹಾಕಿಕೊಂಡ ಇಂಥ ಪದಗಳು ಹಿಂದೆ ಉಳಿದುಬಿಡುತ್ತವೆ: ಈ, ಆ, ಇಂತಹ, ಇಷ್ಟೆಲ್ಲ, ಹೀಗಾಗಿಯೇ. ತಿದ್ದಿದ ಪ್ಯಾರಾ ತುಂಡುತುಂಡಾಗಿ ಕಾಣಲು ಬಹಳ ಸಲ ಇದೇ ಕಾರಣ. ಓದುಗರಿಗೆ ಏನೋ ಬಿಟ್ಟುಹೋಗಿದೆ ಎನ್ನಿಸುತ್ತದೆ, ಏನೆಂದು ತಿಳಿಯುವುದಿಲ್ಲ. ಅಳಿಸಿದ ಪ್ರತಿ ಜಾಗದ ಮುಂದಿನ ವಾಕ್ಯದ ಮೊದಲ ಪದವನ್ನು ಮುಟ್ಟಿ ನೋಡಿಕೊಳ್ಳಿ.

"ಅದ್ಭುತ ಗುಹಾಲಯ" ಎಂಬಲ್ಲಿ ನೀವು ಯಾವುದಕ್ಕೆ ಬೆರಗಾದಿರಿ? ಟಿಪ್ಪಣಿಯಲ್ಲಿ ಅದು ಇಲ್ಲ, ಆದರೆ ಆ ಗುಹೆಗೆ ಹೋದವರು ಒಳಗಿನ ಕಂಬಗಳ ಸಾಲಿಗೆ ಬೆರಗಾಗದೆ ಇರುವುದು ಕಷ್ಟ. ಅವು ತಂದು ನಿಲ್ಲಿಸಿದ ಕಂಬಗಳಲ್ಲ. ಬಸಾಲ್ಟ್ ಬೆಟ್ಟದೊಳಗೆ ಕೊರೆಯುತ್ತ ಹೋದವರು ಸುತ್ತಲಿನ ಕಲ್ಲನ್ನೆಲ್ಲ ತೆಗೆದು ಹೊರಹಾಕಿ, ಕಂಬವಾಗಬೇಕಾದಷ್ಟನ್ನು ಮಾತ್ರ ಬಿಟ್ಟರು. ಒಂದು ಕಡೆ ಹೆಚ್ಚು ಕೊರೆದರೆ ಮತ್ತೆ ಸೇರಿಸುವಂತಿಲ್ಲ. "ಅದ್ಭುತ" ಎಂಬ ಪದ ಮುಚ್ಚಿಟ್ಟಿದ್ದು ಇದನ್ನೇ ಆಗಿದ್ದರೆ, ಒಂದು ವಾಕ್ಯ ಇದಕ್ಕೆ ಕೊಡಿ. ನೀವು ಬೆರಗಾದದ್ದು ಇದಕ್ಕಲ್ಲದಿದ್ದರೆ ಇದನ್ನು ಬರೆಯಬೇಡಿ, ನಿಮ್ಮದನ್ನೇ ಬರೆಯಿರಿ.

ತ್ರಿಮೂರ್ತಿಯ ವಾಕ್ಯದಲ್ಲಿ ಹೊಗಳಿಕೆ ದಟ್ಟವಾಗಿದೆ: ಭವ್ಯ, ವಿಸ್ಮಯಕಾರಿ, ಪುಳಕ, ಅದರ ಬೆನ್ನಿಗೇ ಪದಗಳೇ ಸಾಲದು. ಹೊಗಳಿಕೆ ಗುಂಪುಗೂಡಿದ ಕಡೆಯೇ ಬರೆಯುವವರು ಹೆಚ್ಚು ಕಂಡಿರುತ್ತಾರೆ ಮತ್ತು ಕಡಿಮೆ ಹೇಳಿರುತ್ತಾರೆ. "20 ಅಡಿ" ಎಂಬ ಅಂಕಿ ಒಳ್ಳೆಯದು, ಆದರೆ ಬರಿಯ ಅಂಕಿಗೆ ಎತ್ತರ ಬರುವುದಿಲ್ಲ. ಅಲ್ಲಿ ಕಣ್ಣಿಗೆ ಹೊಡೆಯುವ ವಿಷಯವೆಂದರೆ ಅದು ಪೂರ್ಣ ವಿಗ್ರಹವಲ್ಲ ಎಂಬುದು. ಎದೆಯಿಂದ ಮೇಲಿನ ಭಾಗವೊಂದೇ 20 ಅಡಿ. ಉಳಿದ ದೇಹವನ್ನು ನೆಲದ ಕೆಳಗೆ ನಮ್ಮ ಮನಸ್ಸೇ ಕಟ್ಟಿಕೊಳ್ಳುತ್ತದೆ. "ಅದೂ ಎದೆಯಿಂದ ಮೇಲಕ್ಕೆ ಮಾತ್ರ" ಎಂದು ನಾಲ್ಕು ಪದ ಸೇರಿಸಿದರೆ "ಭವ್ಯ" ಎಂಬುದಕ್ಕೆ ಕೆಲಸ ಉಳಿಯುವುದಿಲ್ಲ. "ಪದಗಳೇ ಸಾಲದು" ಎಂಬ ವಾಕ್ಯವನ್ನು ಪೂರ್ತಿ ಅಳಿಸಿ, ಆ ಜಾಗದಲ್ಲಿ ಹಾವು ಮತ್ತು ಹೂವನ್ನು ಇಡಿ. ಪದಗಳು ಸಾಕಷ್ಟಿವೆ, ನೀವೇ ಅವನ್ನು ಮೊಬೈಲಿನಲ್ಲಿ ಬರೆದಿಟ್ಟಿದ್ದೀರಿ.

ಹೊಗಳಿಕೆ ಹೋದ ಮೇಲೆ ನಿಖರತೆಗೂ ಜಾಗವಾಗುತ್ತದೆ. ತ್ರಿಮೂರ್ತಿ ಎಂಬ ಹೆಸರು ರೂಢಿಯಲ್ಲಿದೆ, ಓದುಗರು ಬ್ರಹ್ಮ, ವಿಷ್ಣು, ಮಹೇಶ್ವರ ಎಂದುಕೊಳ್ಳುತ್ತಾರೆ. ಮೂರೂ ಶಿವನದೇ ಮುಖಗಳು, ಇದು ಸದಾಶಿವ ಎಂದು ವಿದ್ವಾಂಸರು ಗುರುತಿಸುತ್ತಾರೆ. ಎಡಗಡೆಯದು ಉಗ್ರ, ಬಲಗಡೆಯದು ಸೌಮ್ಯ. ನಿಮ್ಮ ಟಿಪ್ಪಣಿ ಅದನ್ನೇ ಕಣ್ಣಾರೆ ಕಂಡು ಹೇಳುತ್ತಿದೆ. ಹಾಗಾಗಿ "ತ್ರಿಮೂರ್ತಿ" ಎಂಬ ಹೆಸರಿಗಿಂತ "ಮೂರು ಮುಖ" ಎಂಬ ನಿಮ್ಮ ಮಾತೇ ಹೆಚ್ಚು ಸರಿ.

"ಕೈಕಾಲು ಮುರಿದಿದ್ದರೂ ಸರಿಸಾಟಿಯಿಲ್ಲ" ಎಂಬಲ್ಲಿ "ಆದರೂ" ಎನ್ನುವ ತಿರುವು ಒಳ್ಳೆಯದು, ಅದನ್ನು ಉಳಿಸಿಕೊಳ್ಳಿ. ಕೆಟ್ಟದ್ದು ಅದರ ಉತ್ತರಾರ್ಧ. ಮುರಿದಿದ್ದರೂ ಏನು ಉಳಿದಿದೆ? ನಟರಾಜನ ಫಲಕವನ್ನು ನೆನಪಿಸಿಕೊಳ್ಳಿ. ಕಾಲುಗಳು ಹೋಗಿವೆ, ಕೈಗಳಲ್ಲಿ ಹಲವು ಮುರಿದಿವೆ. ಕುಣಿಯುವವನಿಗೆ ಬೇಕಾದದ್ದೆಲ್ಲ ಇಲ್ಲ. ಆದರೂ ಅವನು ಕುಣಿಯುತ್ತಿದ್ದಾನೆ ಎಂದು ತಿಳಿಯುವುದು ಮುಂಡದ ತಿರುವಿನಿಂದ, ವಾಲಿದ ಸೊಂಟದಿಂದ. ಇದನ್ನು ಬರೆದರೆ ಶಿಲ್ಪಿಯ ಕೈಚಳಕ ಎಂದು ಹೇಳದೆಯೇ ಅದು ಕಾಣುತ್ತದೆ.

ಕೋತಿಯನ್ನು ನಾನು ಬಿಡುತ್ತೇನೆ. ಅದು ನಿರ್ದಿಷ್ಟವಾದ, ಕಣ್ಣಿಗೆ ಕಟ್ಟುವ ವಿವರವೇ, ಆದರೆ ಮೆಟ್ಟಿಲಿನ ಆಯಾಸದಿಂದ ಗುಹೆಯ ಕತ್ತಲೆಗೆ ಹೋಗುವ ದಾರಿಯಲ್ಲಿ ಅಡ್ಡ ಬರುತ್ತದೆ. ವಿವರ ಎಂದ ಮಾತ್ರಕ್ಕೆ ಎಲ್ಲವನ್ನೂ ತುರುಕಿದರೆ ಓದುಗರಿಗೆ ಯಾವುದು ಮುಖ್ಯ ಎಂದು ತಿಳಿಯುವುದಿಲ್ಲ. ಲೇಖನದಲ್ಲಿ ಹಿಂದಿರುಗುವ ಭಾಗವಿದ್ದರೆ ಕೋತಿಗೆ ಅಲ್ಲಿ ಜಾಗ ಸಿಗಬಹುದು.

ಈಗ ಎಲ್ಲವನ್ನೂ ಸೇರಿಸಿ ಓದಿ:

"ಗೇಟ್‌ವೇಯಿಂದ ಹೊರಟ ದೋಣಿ ದ್ವೀಪ ಮುಟ್ಟಲು ಒಂದು ಗಂಟೆ ಬೇಕಾಯಿತು. ಜನ ಎಸೆದ ಕುರುಕಲನ್ನು ಗಾಳಿಯಲ್ಲೇ ಹಿಡಿಯುತ್ತ ಬಿಳಿ ಹಕ್ಕಿಗಳು ನಮ್ಮ ಬೆನ್ನು ಹತ್ತಿದ್ದವು. ಅವುಗಳಾಚೆ, ದೂರದಲ್ಲಿ, ಬಂದರಿನ ಕ್ರೇನುಗಳು. ಇಳಿದ ಮೇಲೆ ನೀಲಿ ಟಾರ್ಪಾಲಿನ ನೆರಳಿನಲ್ಲಿ, ಎರಡೂ ಬದಿಯ ಅಂಗಡಿಗಳ ನಡುವೆ ಮೆಟ್ಟಿಲು ಹತ್ತಿದೆವು. ಅತ್ತೆ ಎರಡು ಸಲ ಕುಳಿತರು, ಒಮ್ಮೆ ಟೋಪಿ ಅಂಗಡಿಯ ಮುಂದೆಯೇ.

ಗುಹೆಯನ್ನು ಬೆಟ್ಟದ ಬಂಡೆಯೊಳಗೆ ಕೊರೆದಿದ್ದಾರೆ. ಕಂಬಗಳು ತಂದು ನಿಲ್ಲಿಸಿದವಲ್ಲ, ಸುತ್ತಲಿನ ಕಲ್ಲನ್ನು ತೆಗೆದು ಉಳಿಸಿಕೊಂಡವು. ನಟರಾಜನಿಗೆ ಕಾಲುಗಳಿಲ್ಲ, ಕೈಗಳೂ ಹಲವು ಮುರಿದಿವೆ. ಆದರೂ ವಾಲಿದ ಸೊಂಟದಲ್ಲಿ ಕುಣಿತ ಉಳಿದಿದೆ. ಒಳಗೆ ಕತ್ತಲೆ. ಕಣ್ಣು ಹೊಂದಿಕೊಂಡಂತೆ ಹಿಂಬದಿಯ ಗೋಡೆಯಲ್ಲಿ ಮೂರು ಮುಖಗಳು ಮೂಡಿದವು. ಎಡಗಡೆಯದು ಸಿಟ್ಟಿನದು, ಕೈಯಲ್ಲಿ ಹಾವು. ಬಲಗಡೆಯದು ಹೂ ಹಿಡಿದಿದೆ. ಸುಮಾರು 20 ಅಡಿ ಎತ್ತರ, ಅದೂ ಎದೆಯಿಂದ ಮೇಲಕ್ಕೆ ಮಾತ್ರ. ‘ನಡುವಿನವನು ನಮ್ಮನ್ನು ನೋಡುತ್ತಿಲ್ಲ’ ಎಂದರು ಅತ್ತೆ."

ಅತ್ತೆಯ ಮಾತನ್ನು ಕೊನೆಗೆ ಇಟ್ಟದ್ದಕ್ಕೆ ಕಾರಣವಿದೆ. ನಡುವಿನ ಮುಖದ ಕಣ್ಣುಗಳು ಇಳಿದಿವೆ, ಅಂತರ್ಮುಖವಾಗಿವೆ. "ಧ್ಯಾನಮಗ್ನ ದಿವ್ಯ ಮುಖ" ಎಂದು ನೂರಾರು ಲೇಖನಗಳಲ್ಲಿ ಬರುವ ವಿಷಯವನ್ನೇ ಅವರು ತಮ್ಮ ಕಣ್ಣಿನಿಂದ ನೋಡಿ, ತಮ್ಮ ಮಾತಿನಲ್ಲಿ ಹೇಳಿದ್ದಾರೆ. ನಿಮ್ಮ ಪುಳಕವೂ ಅದರೊಳಗಿದೆ, ಏಕೆಂದರೆ ಆ ಮಾತು ನಿಮಗೆ ಬರೆದಿಟ್ಟುಕೊಳ್ಳಬೇಕು ಎನ್ನಿಸಿತು. ಸ್ಥಳದಲ್ಲಿದ್ದವರು ನಿಜವಾಗಿ ಆಡಿದ ಮಾತು ಹೊಗಳಿಕೆಯಾಗಿದ್ದರೂ ಅದನ್ನು ಅಳಿಸಬೇಕಾಗಿಲ್ಲ. ಅತ್ತೆ "ಎಷ್ಟು ಚಂದ" ಎಂದಿದ್ದರೆ, ಅವರ ಬಾಯಲ್ಲಿ ಅದೂ ಒಂದು ವಿವರವೇ. ನಿಮ್ಮದೇ ಮೆಚ್ಚುಗೆಯನ್ನೂ ಒಂದು ಕಡೆ ನೇರವಾಗಿ ಹೇಳಬಹುದು, ಯಾವುದಕ್ಕೆ ಮೆಚ್ಚಿದಿರಿ ಎಂಬುದು ಅದರ ಪಕ್ಕದಲ್ಲೇ ಇದ್ದರೆ.

ತಿದ್ದುವಾಗ ದಾರಿ ತಪ್ಪುವುದು ಸಾಮಾನ್ಯವಾಗಿ ಎರಡು ಕಡೆ. ಒಂದು, ಸವೆದ ಪದದ ಜಾಗಕ್ಕೆ ಅಷ್ಟು ಸವೆಯದ ಇನ್ನೊಂದನ್ನು ತರುವುದು. "ರಮಣೀಯ"ದ ಬದಲು "ಮನೋಜ್ಞ" ಬಂದರೆ ಓದುಗರಿಗೆ ಹೊಸದಾಗಿ ಏನೂ ಕಾಣುವುದಿಲ್ಲ. ಜೋಗದ ಪರೀಕ್ಷೆಯನ್ನು ಹೊಸ ಪದಕ್ಕೂ ಮಾಡಿ, ಆಗ ತಿಳಿಯುತ್ತದೆ. ಎರಡನೆಯದು ಹೆಚ್ಚು ಮೋಸದ್ದು. ಖಾಲಿ ಜಾಗಕ್ಕೆ ಎಲ್ಲಿಂದಲೋ ಓದಿದ ಸಂಗತಿಗಳನ್ನು ತುಂಬುವುದು. ಘಾರಾಪುರಿಯ ಗುಹೆಗಳು 1987ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು ಎಂಬುದು ನಿಜ. ಆದರೆ ಅದನ್ನು ತ್ರಿಮೂರ್ತಿಯ ಪಕ್ಕದಲ್ಲಿಟ್ಟರೆ "ಭವ್ಯ" ಮಾಡುತ್ತಿದ್ದ ಕೆಲಸವನ್ನೇ ಅದೂ ಮಾಡುತ್ತದೆ: ಇದು ದೊಡ್ಡ ಸಂಗತಿ, ಬೆರಗಾಗಿ ಎನ್ನುತ್ತದೆ. ಬೇರೆಡೆಯಿಂದ ತಂದ ಸಂಗತಿ ಕಣ್ಣಿಗೆ ಕಾಣುವ ವಸ್ತುವಿಗೆ ಅಂಟಿಕೊಂಡಿದ್ದರೆ ಮಾತ್ರ ಬರಲಿ. ಪೋರ್ಚುಗೀಸರು ದ್ವೀಪಕ್ಕೆ ಎಲಿಫೆಂಟಾ ಎಂದು ಹೆಸರಿಟ್ಟದ್ದು ಅಲ್ಲಿದ್ದ ಕಲ್ಲಿನ ಆನೆಯನ್ನು ನೋಡಿ. ಆ ಆನೆ ಈಗ ಬೈಕುಲಾದಲ್ಲಿ, ಭಾವು ದಾಜಿ ಲಾಡ್ ವಸ್ತುಸಂಗ್ರಹಾಲಯದ ಆವರಣದಲ್ಲಿದೆ. ದ್ವೀಪದಲ್ಲಿ ಆನೆಯನ್ನು ಹುಡುಕುವ ಓದುಗರಿಗೆ ಇದು ಬೇಕಾದ ಸಂಗತಿ. ಲೇಖನದಲ್ಲಿ ಜಾಗವಿದ್ದರೆ ಸೇರಿಸಿ, ಈ ಪ್ಯಾರಾದಲ್ಲಿ ಬೇಡ.

ಟಿಪ್ಪಣಿಯೇ ಇಲ್ಲದ ಪ್ಯಾರಾ ತಿದ್ದಬೇಕಾಗಿ ಬಂದರೆ ಫೋಟೋಗಳನ್ನು ತೆರೆದು ನೋಡಿ. ಅಂಗಡಿಯ ಸಾಮಾನು, ನೆರಳಿನ ಬಣ್ಣ, ಯಾರು ಎಲ್ಲಿ ಕುಳಿತಿದ್ದರು ಎಂಬುದು ಅಲ್ಲಿ ಸಿಗುತ್ತದೆ. ಜೊತೆಗಿದ್ದವರಿಗೆ ಫೋನ್ ಮಾಡಿ ಕೇಳಿ. ಅಲ್ಲಿಯೂ ಸಿಗದಿದ್ದರೆ ಆ ವಾಕ್ಯವನ್ನು ಬಿಟ್ಟುಬಿಡಿ, ಪ್ಯಾರಾ ಚಿಕ್ಕದಾಗಲಿ. ಕಾಣದ ಹಕ್ಕಿಗೆ ರೆಕ್ಕೆ ಹಚ್ಚಿ ಬರೆದರೆ ಅಲ್ಲಿಗೆ ಹೋಗಿ ಬಂದ ಓದುಗರು ಒಂದೇ ನೋಟಕ್ಕೆ ಹಿಡಿಯುತ್ತಾರೆ.

ನಿಮ್ಮ ಕೊನೆಯ ವಾಕ್ಯದ ಜಾಗದಲ್ಲಿ ಏನಾದರೂ ಬೇಕೇ ಬೇಕು ಎನ್ನಿಸಿದರೆ, ಸೋಮವಾರ ಗುಹೆಗಳಿಗೆ ರಜೆ ಎಂದು ಬೇರೆ ಸಾಲಿನಲ್ಲಿ ಬರೆಯಿರಿ. ಫೋಟೋಗಳ ಅಡಿಬರಹವನ್ನೂ ಇದೇ ರೀತಿ ಒಮ್ಮೆ ನೋಡಿಬಿಡಿ. ಪ್ಯಾರಾದಿಂದ ಹೊರಹಾಕಿದ "ಭವ್ಯ ತ್ರಿಮೂರ್ತಿ" ಸಾಮಾನ್ಯವಾಗಿ ಅಲ್ಲಿ ಉಳಿದುಕೊಂಡಿರುತ್ತದೆ.